ಮಾತಿನ ಮೊದಲ ಫ್ರೇಮು, ಮಾತಿನ ಕಡೆಯ ಫ್ರೇಮು

ತುಮಕೂರು ಸೀಮೆಯ ಒಂದು ಹಳ್ಳಿಯಲ್ಲಿ, ಎಂಬತ್ತು ದಾಟಿದ ಒಬ್ಬ ಅಜ್ಜಿಯವರನ್ನು ಜಗುಲಿಯ ಮೇಲೆ ಕೂರಿಸಿ ಮಾತನಾಡಿಸುತ್ತ, ಬರಗಾಲದ ದಿನಗಳಲ್ಲಿ ಸಂಸಾರವನ್ನು ಅವರು ಹೇಗೆ ತೂಗಿಸಿದರೆಂಬುದನ್ನು ನಲವತ್ತು ನಿಮಿಷಗಳ ಕಾಲ ಚಿತ್ರೀಕರಿಸಿಕೊಂಡು ಬಂದಿದ್ದೆ. ಮನೆಯಲ್ಲಿ ಹಿಟ್ಟಿಗೆ ಕಾಳಿಲ್ಲದ ದಿನಗಳನ್ನು ವಿವರಿಸುತ್ತ ಹೋದ ಅವರು ನಡುವೆ ಒಮ್ಮೆ ತಡೆದು, ಉಸಿರೆಳೆದುಕೊಂಡು, "ಬಿತ್ನೆ ರಾಗಿ ಮಾತ್ರ ಮುಟ್ತಿರ್ಲಿಲ್ಲ ಕಣಪ್ಪ" ಎಂದರು. ಆ ನಲವತ್ತು ನಿಮಿಷಗಳ ಸಾರವೆಲ್ಲ ಈ ಒಂದು ವಾಕ್ಯದಲ್ಲಿ ಅಡಗಿದೆಯೆಂದು ನನಗೆ ಆ ಕ್ಷಣದಲ್ಲಿಯೇ ತೋರಿತು. ಆದುದರಿಂದ ಚಿತ್ರವು ಈ ವಾಕ್ಯದಿಂದಲೇ ಆರಂಭವಾಗಬೇಕೆಂದು ನಿಶ್ಚಯಿಸಿದೆ. ಮೂರು ಸೆಕೆಂಡುಗಳಿಗಿಂತ ತುಸು ಹೆಚ್ಚು ಕಾಲದ ಆ ತುಣುಕನ್ನು, ಒಂದು ಅಕ್ಷರವೂ ಕೆಡದಂತೆ, ಒಂದು ಅನಗತ್ಯ ಚಲನೆಯೂ ಒಳನುಸುಳದಂತೆ ಬಿಡಿಸಿ ತೆಗೆಯುವ ಕ್ರಮವನ್ನೇ ಇಲ್ಲಿ ವಿವರಿಸಬೇಕೆಂದಿದ್ದೇನೆ.

ಈ ಕಾರ್ಯಕ್ಕೆ ಬೇಕಾದ ಸಾಧನಗಳು ಅತ್ಯಲ್ಪ. ತುಣುಕು ಎಲ್ಲಿಂದ ಆರಂಭವಾಗಬೇಕೆಂಬುದನ್ನು ಸೂಚಿಸುವ ಇನ್ ಗುರುತು ಒಂದು, ಎಲ್ಲಿಗೆ ಮುಗಿಯಬೇಕೆಂಬುದನ್ನು ಸೂಚಿಸುವ ಔಟ್ ಗುರುತು ಇನ್ನೊಂದು, ಚಿತ್ರವನ್ನು ಒಂದೊಂದೇ ಫ್ರೇಮಿನಂತೆ ಮುಂದಕ್ಕೂ ಹಿಂದಕ್ಕೂ ಸರಿಸುವ ಬಾಣದ ಕೀಲಿಗಳು ಎರಡು. ನಾನು ಬಳಸುವುದು ಡಾವಿಂಚಿ ರಿಸಾಲ್ವ್ ಎಂಬ ಸಂಕಲನ ತಂತ್ರಾಂಶವನ್ನು; ಅದರಲ್ಲಿ I ಕೀಲಿಯು ಇನ್ ಗುರುತನ್ನೂ O ಕೀಲಿಯು ಔಟ್ ಗುರುತನ್ನೂ ಹಾಕುತ್ತವೆ, ಎಡ ಬಲ ಬಾಣಗಳು ಒಂದು ಫ್ರೇಮನ್ನು ಸರಿಸುತ್ತವೆ, Shift ಒತ್ತಿ ಬಾಣವನ್ನು ಒತ್ತಿದರೆ ಒಂದು ಸೆಕೆಂಡು ಸರಿಯುತ್ತದೆ. ಪ್ರೀಮಿಯರ್ ಪ್ರೊ, ಕೆಡೆನ್‌ಲೈವ್, ಶಾಟ್‌ಕಟ್ ಮೊದಲಾದವುಗಳಲ್ಲಿಯೂ I, O ಮತ್ತು ಬಾಣಗಳ ಅರ್ಥ ಇದೇ. ಒಂದು ಸಂಗತಿಯನ್ನು ಮಾತ್ರ ಕನ್ನಡದ ಓದುಗರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು: ಶೀರ್ಷಿಕೆಯನ್ನೋ ಟಿಪ್ಪಣಿಯನ್ನೋ ಬರೆಯಲೆಂದು ಗಣಕದ ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸಿ ಹಾಗೆಯೇ ಬಿಟ್ಟಿದ್ದರೆ, I, O ಕೀಲಿಗಳು ಎಷ್ಟು ಒತ್ತಿದರೂ ಓಗೊಡದೆ ಇರುವುದುಂಟು. ತಂತ್ರಾಂಶವೇ ಕೆಟ್ಟಿತೆಂದು ಗಾಬರಿಗೊಳ್ಳುವ ಮುನ್ನ ಇಂಗ್ಲಿಷ್ ಕೀಲಿಮಣೆಗೆ ಮರಳಿ ನೋಡಬೇಕು.

ಫ್ರೇಮು ಎಂಬುದು ಚಲನಚಿತ್ರದಲ್ಲಿ ಕಾಲದ ಅಣು. ನನ್ನ ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮುಗಳನ್ನು ಹಿಡಿಯುವುದರಿಂದ, ಒಂದೊಂದು ಫ್ರೇಮೂ ಒಂದು ಸೆಕೆಂಡಿನ ಇಪ್ಪತ್ತೈದನೆಯ ಭಾಗ, ಎಂದರೆ 40 ಮಿಲಿಸೆಕೆಂಡುಗಳ ಅವಧಿಯದು. ಪರದೆಯ ಮೇಲೆ ಕಾಣುವ ಟೈಮ್‌ಕೋಡ್ 00:12:07:19 ಎಂದಿದ್ದರೆ, ಹನ್ನೆರಡು ನಿಮಿಷ ಏಳು ಸೆಕೆಂಡುಗಳಾದ ಮೇಲೆ 19 ಎಂಬ ಸಂಖ್ಯೆಯ ಫ್ರೇಮು ಎಂದು ಅದರ ತಾತ್ಪರ್ಯ. ಕಡೆಯ ಎರಡು ಅಂಕಿಗಳು 00ರಿಂದ 24ರವರೆಗೆ ಏರಿ ಮತ್ತೆ 00ಕ್ಕೆ ಬರುತ್ತವೆಯೇ ಹೊರತು 99ರವರೆಗೆ ಹೋಗುವುದಿಲ್ಲ. ಈ ಸಣ್ಣ ಸಂಗತಿಯನ್ನು ಮರೆತವರು ಲೆಕ್ಕದಲ್ಲಿ ಎಡವುವುದನ್ನು ಮುಂದೆ ನೋಡುತ್ತೇವೆ.

ಮೊದಲ ಸಲ ಕೇಳುವಾಗ ನಿಷ್ಕೃಷ್ಟತೆಯ ಗೋಜಿಗೆ ಹೋಗಲಾಗದು, ಹೋಗಲೂಬಾರದು. ತುಣುಕನ್ನು ಸಹಜ ವೇಗದಲ್ಲಿ ಓಡಲು ಬಿಟ್ಟು, ಬೇಕಾದ ವಾಕ್ಯವು ಕಿವಿಗೆ ಬಿದ್ದೊಡನೆ I ಒತ್ತಬೇಕು, ಮುಗಿದೊಡನೆ O ಒತ್ತಬೇಕು. ಕೇಳಿದ್ದನ್ನು ಬೆರಳಿಗೆ ತಲುಪಿಸಲು ಮನುಷ್ಯನ ದೇಹಕ್ಕೆ ಸ್ಥೂಲವಾಗಿ ಕಾಲು ಸೆಕೆಂಡು ಬೇಕಾಗುವುದರಿಂದ, ಹೀಗೆ ಬಿದ್ದ ಇನ್ ಗುರುತು ಯಾವಾಗಲೂ ಐದಾರು ಫ್ರೇಮು ತಡವಾಗಿಯೇ ಇರುತ್ತದೆ. ಅಜ್ಜಿಯವರ ವಾಕ್ಯಕ್ಕೆ ನಾನು ಹೀಗೆ ಹಾಕಿದ ಇನ್ ಗುರುತು 00:12:08:02ರಲ್ಲಿ ಬಿದ್ದಿತ್ತು; ಅಲ್ಲಿಂದ ಕೇಳಿದರೆ "ಬಿತ್ನೆ" ಎಂಬುದರ ತಲೆ ಹಾರಿ "ತ್ನೆ ರಾಗಿ" ಎಂಬಷ್ಟೇ ಕೇಳುತ್ತಿತ್ತು. ಅದೇನೂ ಪ್ರಮಾದವಲ್ಲ. ಒರಟು ಗುರುತಿನ ಪ್ರಯೋಜನವೆಂದರೆ ಸೂಕ್ಷ್ಮವಾಗಿ ಶೋಧಿಸಬೇಕಾದ ಸ್ಥಳವನ್ನು ಹತ್ತಾರು ಫ್ರೇಮುಗಳೊಳಕ್ಕೆ ತಂದಿಡುವುದು, ಅಷ್ಟೆ.

ಇನ್ನು ಸೂಕ್ಷ್ಮದ ಕೆಲಸ. Shift+I ಒತ್ತಿದರೆ ಓಡುಸೂಚಿಯು ಇನ್ ಗುರುತಿನ ಮೇಲೆಯೇ ಬಂದು ನಿಲ್ಲುತ್ತದೆ. ಅಲ್ಲಿಂದ ಎಡಬಾಣವನ್ನು ಒಂದೊಂದೇ ಸಲ ಒತ್ತುತ್ತ ಅಜ್ಜಿಯವರ ತುಟಿಗಳನ್ನೇ ನೋಡುತ್ತ ಹಿಂದಕ್ಕೆ ಹೋದೆ. ಸೆಕೆಂಡು ಮತ್ತು ಫ್ರೇಮುಗಳನ್ನಷ್ಟೇ ಹೇಳುವುದಾದರೆ, 07:24ರ ಫ್ರೇಮಿನಲ್ಲಿ ತುಟಿಗಳು ಬಿಚ್ಚಿಕೊಂಡಿವೆ, 07:23ರಲ್ಲಿ ಮುಚ್ಚಿವೆ. ತುಟಿ ಬಿಚ್ಚುವ ಫ್ರೇಮೇ ಮಾತಿನ ಆರಂಭವೆಂದು ಭಾವಿಸಿ ಅಲ್ಲಿಯೇ I ಒತ್ತುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು, ಮತ್ತು ಕನ್ನಡದ ಮಾತಿಗೆ ಸಂಬಂಧಿಸಿದಂತೆ ಅದು ಗಂಭೀರವಾದ ತಪ್ಪೂ ಹೌದು. ಬ, ದ, ಗ ಮೊದಲಾದ ಘೋಷ ವ್ಯಂಜನಗಳನ್ನು ನಾವು ಉಚ್ಚರಿಸುವಾಗ, ಬಾಯಿ ಇನ್ನೂ ಮುಚ್ಚಿರುವಾಗಲೇ ಗಂಟಲಿನ ನಾದ ಆರಂಭವಾಗಿರುತ್ತದೆ. ತುಟಿಗಳ ಹಿಂದೆ ಮೃದುವಾಗಿ ಗುನುಗುವ ಆ ನಾದವೇ "ಬ"ವನ್ನು "ಪ"ದಿಂದ ಬೇರ್ಪಡಿಸುವ ಗುಣ. ಧ್ವನಿಯ ಅಲೆರೇಖೆಯನ್ನು ನೋಡಿದಾಗ, ಅಜ್ಜಿಯವರ "ಬಿ"ಯ ನಾದವು 07:21ರಲ್ಲಿಯೇ ಸಣ್ಣ ಕಂಪನವಾಗಿ ಮೊದಲಾಗಿ, ಮೂರು ಫ್ರೇಮುಗಳಾದ ಮೇಲೆ ಸ್ಫೋಟಗೊಂಡಿತ್ತು. ತುಟಿಯನ್ನು ನಂಬಿ 07:24ರಲ್ಲಿ ಕತ್ತರಿಸಿದ್ದರೆ ಆ ಗುನುಗು ಹೊರಗುಳಿದು, ಕೇಳುವವರ ಕಿವಿಗೆ "ಬಿತ್ನೆ"ಯು "ಪಿತ್ನೆ"ಯೆಂಬಂತೆ ಒಣಗಿ ಕೇಳುತ್ತಿತ್ತು. ಇದನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು: "ಬ"ಕಾರದಿಂದ ಆರಂಭವಾಗುವ ಯಾವುದಾದರೊಂದು ಮಾತನ್ನು ಒಮ್ಮೆ ತುಟಿ ತೆರೆಯುವ ಫ್ರೇಮಿನಿಂದಲೂ ಮತ್ತೊಮ್ಮೆ ಅದಕ್ಕಿಂತ ನಾಲ್ಕು ಫ್ರೇಮು ಹಿಂದಿನಿಂದಲೂ ಕೇಳಿದರೆ, ವ್ಯತ್ಯಾಸ ಕಿವಿಗೇ ತಿಳಿಯುತ್ತದೆ.

ಹಾಗಾದರೆ ಎಷ್ಟು ಹಿಂದಕ್ಕೆ ಹೋಗಬೇಕು? ಅಜ್ಜಿಯವರು ಉಸಿರೆಳೆದುಕೊಂಡದ್ದು 07:08ರಿಂದ 07:18ರವರೆಗೆ. ಆ ಉಸಿರನ್ನು ಸೇರಿಸಿದರೆ ಮಾತಿಗೆ ಮುನ್ನಿನ ತಡೆತ ಸಿಕ್ಕುತ್ತದೆ. ಚಿತ್ರದ ನಡುವಿನ ತುಣುಕಾಗಿದ್ದರೆ ನಾನು ಸೇರಿಸಿಯೇ ಬಿಡುತ್ತಿದ್ದೆ. ಆದರೆ ಕತ್ತಲ ಪರದೆಯಿಂದ ನೇರವಾಗಿ ಮುಖ ಕಾಣಿಸಿಕೊಳ್ಳಬೇಕಾದ ಮೊದಲ ತುಣುಕಿದು. ಅಲ್ಲಿ ಅರ್ಧ ಉಸಿರು ಕೇಳಿದರೆ ಯಾವುದನ್ನೋ ನಡುವಿನಿಂದ ಕಿತ್ತು ತಂದಂತೆ ಭಾಸವಾಗುತ್ತದೆ. ಅರ್ಧ ಉಸಿರಿಗಿಂತ ಪೂರ್ಣ ಉಸಿರೋ ಉಸಿರಿಲ್ಲದಿರುವುದೋ ಮೇಲೆಂಬುದು ನನ್ನ ಅನುಭವ. ಆದ್ದರಿಂದ ಉಸಿರು ಮುಗಿದು ತುಟಿಗಳು ಒಂದನ್ನೊಂದು ಸೇರುತ್ತಿರುವ 07:19ನ್ನು ಆರಿಸಿಕೊಂಡೆ. ಒರಟು ಗುರುತಿನಿಂದ ಅದು ಎಂಟು ಬಾಣ ಹಿಂದೆ, ನಾದದ ಆರಂಭಕ್ಕಿಂತ ಎರಡು ಫ್ರೇಮು ಮುಂಚೆ.

ಇಲ್ಲಿ ಒಂದು ಎಚ್ಚರಿಕೆ. ಎಂಟು ಸಲ ಬಾಣವನ್ನೊತ್ತಿ ಸರಿಯಾದ ಫ್ರೇಮಿಗೆ ತಲುಪಿದ ಮಾತ್ರಕ್ಕೆ ಗುರುತು ಅಲ್ಲಿಗೆ ಬರುವುದಿಲ್ಲ. ಸರಿದದ್ದು ಓಡುಸೂಚಿ ಮಾತ್ರ. ಗುರುತು ಹಿಂದಿನ ಜಾಗದಲ್ಲಿಯೇ ಕುಳಿತಿರುತ್ತದೆ. ಮತ್ತೆ I ಒತ್ತಿದಾಗಲೇ ಹಳೆಯದು ಅಳಿದು ಹೊಸದು ಬೀಳುತ್ತದೆ. ಒತ್ತುವಾಗಲೂ, ಮೂಲ ತುಣುಕನ್ನು ತೋರಿಸುವ ಸೋರ್ಸ್ ವೀಕ್ಷಣಾ ಕಿಟಕಿಯೇ ಸಕ್ರಿಯವಾಗಿದೆಯೆ ಎಂದು ನೋಡಿಕೊಳ್ಳಬೇಕು. ಅರಿಯದೆ ಕೆಳಗಿನ ಟೈಮ್‌ಲೈನಿನ ಮೇಲೆ ಕ್ಲಿಕ್ಕಿಸಿದ್ದರೆ ಗುರುತು ಅಲ್ಲಿ ಬಿದ್ದು, ನಾವು ಶ್ರಮಪಟ್ಟು ಹುಡುಕಿದ ಫ್ರೇಮು ಗುರುತಿಲ್ಲದೆಯೇ ಉಳಿಯುತ್ತದೆ. ಕಿಟಕಿಯ ಟೈಮ್‌ಕೋಡನ್ನೂ ಗುರುತಿನ ಸ್ಥಾನವನ್ನೂ ಒಮ್ಮೆ ಹೋಲಿಸಿ ನೋಡಿದರೆ ಇಂಥ ತಪ್ಪು ಕೂಡಲೇ ತಿಳಿಯುತ್ತದೆ.

ಔಟ್ ಗುರುತಿನ ಸಮಸ್ಯೆ ಇನ್ನಷ್ಟು ಸ್ವಾರಸ್ಯವಾದದ್ದು. ನಮ್ಮ ಭಾಷೆಯ ಪದಗಳು ಬಹುಮಟ್ಟಿಗೆ ಸ್ವರಾಂತ್ಯವಾದವು. ಸ್ವರವು ವ್ಯಂಜನದಂತೆ ಕಡಿದು ನಿಲ್ಲದೆ, ಕ್ರಮೇಣ ತಗ್ಗುತ್ತ ಮೌನದಲ್ಲಿ ಕರಗುತ್ತದೆ. ಜೊತೆಗೆ ದ್ವಿತ್ವಾಕ್ಷರಗಳ ಸಮೃದ್ಧಿ. ಅಜ್ಜಿಯವರ ಕಡೆಯ ಪದ "ಕಣಪ್ಪ". ಆಡುಮಾತಿನ ಸರಸರ ಓಟದಲ್ಲಿ ನಾವು ಗಮನಿಸದಿದ್ದರೂ, "ಪ್ಪ"ವನ್ನು ನುಡಿಯುವಾಗ ತುಟಿಗಳು ಬಿಗಿಯಾಗಿ ಮುಚ್ಚಿ ಕೆಲವು ಫ್ರೇಮುಗಳ ಕಾಲ ಪೂರ್ಣ ನಿಶ್ಶಬ್ದವಿರುತ್ತದೆ. ಈ ತುಣುಕಿನಲ್ಲಿ "ಕಣ" ಎಂಬುದು 10:09ಕ್ಕೆ ಮುಗಿದು, 10:10ರಿಂದ 10:13ರವರೆಗೆ ನಾಲ್ಕು ಫ್ರೇಮುಗಳಷ್ಟು ಕಾಲ ಅಲೆರೇಖೆ ಚಪ್ಪಟೆಯಾಗಿತ್ತು, ಬಾಯಿಯೂ ಮುಚ್ಚಿತ್ತು. ಬಾಣವನ್ನೊತ್ತುತ್ತ ಬಂದವನು ಬಾಯಿ ಮುಚ್ಚಿದ್ದನ್ನೂ ಧ್ವನಿ ನಿಂತದ್ದನ್ನೂ ನೋಡಿ, ಮಾತು ಮುಗಿಯಿತೆಂದು 10:12ರಲ್ಲಿ O ಒತ್ತಿಬಿಟ್ಟರೆ ಆಶ್ಚರ್ಯವಿಲ್ಲ. ಆದರೆ ಆ ಮೌನವು ಅಕ್ಷರದ ಒಳಗಿನ ಮೌನ. 10:14ರಲ್ಲಿ ತುಟಿ ಸಿಡಿದು, "ಅ"ಕಾರ ಹೊರಟು, 10:18ರಲ್ಲಿ ಅದು ಕರಗಿತು. ಹೀಗಾಗಿ ಮಾತಿನ ಕೊನೆಯನ್ನು ಹುಡುಕುವಾಗ, ಮೊದಲು ಸಿಕ್ಕ ಮೌನದಲ್ಲಿ ನಿಲ್ಲದೆ ಇನ್ನೂ ಹತ್ತು ಫ್ರೇಮು ಮುಂದೆ ಹೋಗಿ, ಅಲ್ಲಿಂದ ಹಿಂದಕ್ಕೆ ಬರುವುದನ್ನು ನಾನು ನಿಯಮವಾಗಿಯೇ ಇಟ್ಟುಕೊಂಡಿದ್ದೇನೆ.

10:18ರ ನಂತರ ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಮೇರೆಯನ್ನು ಹಾಕಿದವನು ನಾನೇ. 10:24ರಲ್ಲಿ ನನ್ನ "ಹೂಂ" ಎಂಬ ಓಗೊಡುವಿಕೆ ಧ್ವನಿಯಲ್ಲಿ ಸೇರಿಕೊಂಡಿದೆ. ಮಾತನಾಡಿಸುವವರು ತಲೆಯಾಡಿಸಿ ಸುಮ್ಮನಿರುವುದನ್ನು ಕಲಿತರೆ ಸಂಕಲನದ ಎಷ್ಟೋ ತೊಂದರೆಗಳು ತಪ್ಪುತ್ತವೆ. ಆದ್ದರಿಂದ ಔಟ್ ಗುರುತು 10:19 ಮತ್ತು 10:23ರ ನಡುವಿನ ಐದು ಫ್ರೇಮುಗಳಲ್ಲಿ ಎಲ್ಲಿಯಾದರೂ ಬೀಳಬೇಕು. ಮುಖವನ್ನು ನೋಡುತ್ತ ಬಾಣವನ್ನೊತ್ತಿದಾಗ, 10:22ರಲ್ಲಿ ಅಜ್ಜಿಯವರ ರೆಪ್ಪೆಗಳು ಮುಚ್ಚತೊಡಗುವುದು ಕಂಡಿತು. ಹಾಲಿವುಡ್ಡಿನ ಪ್ರಸಿದ್ಧ ಸಂಕಲನಕಾರ ವಾಲ್ಟರ್ ಮರ್ಚ್ 1974ರ "ದಿ ಕಾನ್ವರ್ಸೇಷನ್" ಚಿತ್ರವನ್ನು ಸಂಕಲಿಸುವಾಗ, ತಾನು ಕತ್ತರಿಸಬೇಕೆಂದು ನಿಶ್ಚಯಿಸಿದ ಸ್ಥಳದ ಸಮೀಪದಲ್ಲಿಯೇ ನಟ ಜೀನ್ ಹ್ಯಾಕ್‌ಮನ್ ಮತ್ತೆ ಮತ್ತೆ ಕಣ್ಣು ಮಿಟುಕಿಸುವುದನ್ನು ಕಂಡು, ಮಿಟುಕು ಎಂಬುದು ಒಂದು ಆಲೋಚನೆ ಮುಗಿದುದರ ಚಿಹ್ನೆಯೆಂಬ ವಿಚಾರವನ್ನು ಬೆಳೆಸಿದರು. ನನ್ನ ತುಣುಕಿನಲ್ಲಿ ಮಿಟುಕು ಪೂರ್ತಿಯಾಗಲು ಸ್ಥಳವಿರಲಿಲ್ಲ. ಅರ್ಧ ಮುಚ್ಚಿದ ಕಣ್ಣಿನ ಮೇಲೆ ಕತ್ತರಿಸಿದರೆ ಮುಖ ತೂಕಡಿಸಿದಂತೆ ಕಾಣುತ್ತದೆ. ಆದುದರಿಂದ ಕಣ್ಣು ಇನ್ನೂ ತೆರೆದಿರುವ ಕಡೆಯ ಫ್ರೇಮಾದ 10:21ರಲ್ಲಿ O ಒತ್ತಿದೆ.

ಮರ್ಚ್ ಅವರ ಇನ್ನೊಂದು ಅಭ್ಯಾಸ ಇಂಥ ಸಂದರ್ಭದಲ್ಲಿ ಬಹಳ ಉಪಕಾರಿ. ತುಣುಕನ್ನು ಸಹಜ ವೇಗದಲ್ಲಿ ನೋಡುತ್ತ, ಮುಗಿಯಬೇಕೆಂದು ಮನಸ್ಸಿಗೆ ತೋರಿದ ಕ್ಷಣದಲ್ಲಿ ನಿಲ್ಲಿಸುವುದು, ನಿಂತ ಫ್ರೇಮಿನ ಸಂಖ್ಯೆಯನ್ನು ನೋಡಿಕೊಳ್ಳುವುದು, ಮತ್ತೆ ಮೊದಲಿನಿಂದ ನೋಡಿ ಮತ್ತೆ ನಿಲ್ಲಿಸುವುದು. ಎರಡು ಸಲವೂ ಅದೇ ಫ್ರೇಮಿಗೆ ಬಂದರೆ ಆ ಕೊನೆಗೆ ಆಧಾರವಿದೆಯೆಂದರ್ಥ. ಸಲಸಲಕ್ಕೂ ಸಂಖ್ಯೆ ಚೆದುರಿದರೆ ಆ ಕೊನೆಯ ಬಗ್ಗೆ ನಮ್ಮ ಮನಸ್ಸೇ ಇನ್ನೂ ಒಪ್ಪಿಲ್ಲವೆಂದರ್ಥ. ಬಾಣದ ಕೀಲಿಗಳಿಂದ ಹೆಜ್ಜೆಹೆಜ್ಜೆಯಾಗಿ ನೋಡುವಾಗ ಕಣ್ಣಿಗೆ ಚಲನೆ ಕಾಣುವುದಿಲ್ಲ, ಸ್ಥಿರಚಿತ್ರಗಳು ಮಾತ್ರ ಕಾಣುತ್ತವೆ. ಲಯವೇನಿದ್ದರೂ ಓಟದಲ್ಲಿಯೇ ತಿಳಿಯತಕ್ಕದ್ದು. ರಿಸಾಲ್ವ್‌ನಲ್ಲಿ Alt ಮತ್ತು / ಕೀಲಿಗಳನ್ನು ಕೂಡಿ ಒತ್ತಿದರೆ ಇನ್‌ನಿಂದ ಔಟ್‌ವರೆಗಿನ ಭಾಗವಷ್ಟೇ ಓಡುತ್ತದೆ. ಗುರುತನ್ನು ಒಂದೆರಡು ಫ್ರೇಮು ಸರಿಸಿದಾಗಲೆಲ್ಲ ಹೀಗೆ ಓಡಿಸಿ ಕೇಳಬೇಕು.

ಈಗ ಲೆಕ್ಕ. ಇನ್ 07:19, ಔಟ್ 10:21. ಕಳೆದರೆ ಮೂರು ಸೆಕೆಂಡು ಎರಡು ಫ್ರೇಮು, ಎಂದರೆ 77. ಆದರೆ ತಂತ್ರಾಂಶ ತೋರಿಸಿದ ಅವಧಿ 00:00:03:03, ಎಂದರೆ 78. ಈ ಒಂದು ಫ್ರೇಮಿನ ವ್ಯತ್ಯಾಸಕ್ಕೆ ಕಾರಣವೆಂದರೆ, ಔಟ್ ಗುರುತು ಬಿದ್ದ ಫ್ರೇಮು ತುಣುಕಿನೊಳಗೇ ಸೇರಿದೆ. ಏಳನೆಯ ತಾರೀಕಿನಿಂದ ಹತ್ತರವರೆಗೆ ನೆಂಟರು ಮನೆಯಲ್ಲಿದ್ದರೆ ಅವರಿಗೆ ನಾಲ್ಕು ದಿನ ಅಡುಗೆ ಮಾಡಿದಂತಾಯಿತಲ್ಲವೆ, ಹಾಗೆ. ರಿಸಾಲ್ವ್, ಪ್ರೀಮಿಯರ್ ಎರಡರಲ್ಲಿಯೂ ಕ್ರಮ ಇದೇ. ಆದರೆ ಟೇಪಿನ ಕಾಲದಿಂದ ಬಂದಿರುವ ಸಿಎಂಎಕ್ಸ್ 3600 ಮಾದರಿಯ ಸಂಕಲನ ಪಟ್ಟಿಗಳಲ್ಲಿ ಔಟ್ ಎಂದು ಬರೆಯುವುದು ಸೇರದ ಮೊದಲ ಫ್ರೇಮನ್ನು. ಇದೇ ತುಣುಕು ಅಲ್ಲಿ 10:22 ಎಂದು ಕಾಣಿಸಿಕೊಳ್ಳುತ್ತದೆ. ನಿಮ್ಮ ಬಳಿಯಿರುವ ತಂತ್ರಾಂಶದ ಪದ್ಧತಿ ಯಾವುದೆಂದು ತಿಳಿಯಲು, ಒಂದೇ ಫ್ರೇಮಿನ ಮೇಲೆ I ಮತ್ತು O ಎರಡನ್ನೂ ಒತ್ತಿ ಅವಧಿಯನ್ನು ನೋಡಿದರಾಯಿತು: ಒಂದು ಎಂದು ತೋರಿಸಿದರೆ ಔಟ್ ಒಳಗೆ ಸೇರಿದೆ. ತುಣುಕನ್ನು ಟೈಮ್‌ಲೈನಿಗೆ ಇಳಿಸಿದ ಮೇಲೆಯೂ ಕಡೆಯ ಫ್ರೇಮನ್ನು ಒಮ್ಮೆ ಕಣ್ಣಾರೆ ನೋಡಬೇಕು. ಎರಡು ತುಣುಕುಗಳ ಸಂಧಿಯ ಮೇಲೆ ಓಡುಸೂಚಿ ನಿಂತಾಗ ಪರದೆಯಲ್ಲಿ ಕಾಣುವುದು ಮುಂದಿನ ತುಣುಕಿನ ಮೊದಲ ಫ್ರೇಮಾದ್ದರಿಂದ, ಅಲ್ಲಿಂದ ಒಂದು ಹೆಜ್ಜೆ ಎಡಕ್ಕೆ ಬಂದರೆ ಮಾತ್ರ ನಮ್ಮ ಔಟ್ ಫ್ರೇಮು ಕಾಣುತ್ತದೆ.

ಬಾಣವನ್ನು ಒತ್ತಿದಾಗ ಕಂಡದ್ದೆಲ್ಲ ನಿಜವೆಂದು ನಂಬುವ ಮೊದಲು ಎರಡು ಸಂಗತಿಗಳನ್ನು ತಿಳಿದಿರಬೇಕು. ಕ್ಯಾಮೆರಾ ಮತ್ತು ಮೊಬೈಲುಗಳು ಬರೆಯುವ ಕಡತಗಳಲ್ಲಿ ಪ್ರತಿಯೊಂದು ಫ್ರೇಮೂ ಸಾಮಾನ್ಯವಾಗಿ ಪೂರ್ಣ ಚಿತ್ರವಾಗಿ ಇರುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಚಿತ್ರವನ್ನಿಟ್ಟು, ನಡುವಿನವುಗಳಿಗೆ ಬದಲಾದ ಅಂಶಗಳನ್ನಷ್ಟೇ ಬರೆದಿರುತ್ತಾರೆ. ಮುಂದಕ್ಕೆ ಹೋಗುವುದು ಇದರಿಂದ ಸುಲಭ; ಹಿಂದಕ್ಕೆ ಒಂದು ಹೆಜ್ಜೆ ಇಡಬೇಕಾದರೆ ಗಣಕವು ಹಿಂದಿನ ಪೂರ್ಣ ಚಿತ್ರಕ್ಕೆ ಹೋಗಿ, ಅಲ್ಲಿಂದ ಮತ್ತೆ ಕಟ್ಟಿಕೊಂಡು ಬರಬೇಕಾಗುತ್ತದೆ. ಆದ್ದರಿಂದಲೇ ಎಡಬಾಣವನ್ನು ಬಿಡದೆ ಒತ್ತಿ ಹಿಡಿದಾಗ ಚಿತ್ರ ತಡವರಿಸಿ, ಟೈಮ್‌ಕೋಡ್ ಒಂದು ಕಡೆಯೂ ಚಿತ್ರ ಇನ್ನೊಂದು ಕಡೆಯೂ ಇರುವುದುಂಟು. ಒಂದೊಂದೇ ಸಲ ಒತ್ತಿ, ಚಿತ್ರ ನಿಂತ ಮೇಲೆ ಮುಂದಿನದನ್ನು ಒತ್ತುವುದು ಕ್ಷೇಮ.

ಎರಡನೆಯದು ಮೊಬೈಲಿನ ಚಿತ್ರಗಳಿಗೆ ಸಂಬಂಧಿಸಿದ್ದು. ಅವು ಬೆಳಕಿಗೂ ಹೊರೆಗೂ ತಕ್ಕಂತೆ ಫ್ರೇಮುಗಳ ವೇಗವನ್ನು ಹೆಚ್ಚುಕಡಿಮೆ ಮಾಡಿಕೊಳ್ಳುವುದರಿಂದ, ಫ್ರೇಮುಗಳ ಅಂತರ ಸಮವಾಗಿರುವುದಿಲ್ಲ. ತುಣುಕಿನ ಆರಂಭದಲ್ಲಿ ತುಟಿಯೂ ಧ್ವನಿಯೂ ಹೊಂದಿದ್ದು, ಹತ್ತು ನಿಮಿಷ ಕಳೆಯುವಷ್ಟರಲ್ಲಿ ಬೇರೆಯಾಗಿದ್ದರೆ ಇದನ್ನೇ ಶಂಕಿಸಬೇಕು. ಅಂಥ ಕಡತವನ್ನು ಗುರುತು ಹಾಕುವ ಮುಂಚೆಯೇ ಸ್ಥಿರ ವೇಗಕ್ಕೆ ಪರಿವರ್ತಿಸಿಕೊಳ್ಳಬೇಕು. ಪ್ರತಿ ಫ್ರೇಮನ್ನೂ ಪೂರ್ಣ ಚಿತ್ರವಾಗಿ ಬರೆಸಿಕೊಂಡರೆ ಮೇಲೆ ಹೇಳಿದ ತಡವರಿಕೆಯೂ ತಪ್ಪುತ್ತದೆ. ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಧನದಿಂದ, 30 ಫ್ರೇಮಿನ ಮೊಬೈಲ್ ಕಡತಕ್ಕೆ ಹೀಗೆ:

```
ffmpeg -i mobile.mp4 -vf fps=30 -c:v libx264 -crf 16 -g 1 -c:a pcm_s16le sthira.mov
```

ಇಂಥ 30 ಫ್ರೇಮಿನ ಕಡತವನ್ನು 25 ಫ್ರೇಮಿನ ಟೈಮ್‌ಲೈನಿಗೆ ಹಾಕಿದರೆ, ಆರರಲ್ಲಿ ಒಂದು ಫ್ರೇಮು ಅಲ್ಲಿ ಕಾಣದೆ ಹೋಗುತ್ತದೆ. ನೀವು ಆರಿಸಿದ ಫ್ರೇಮೇ ಆ ಆರನೆಯದಾಗಿರಬಹುದು. ಟೈಮ್‌ಲೈನಿನ ವೇಗವನ್ನು ಮೊದಲೇ ಮುಖ್ಯ ಚಿತ್ರಣಕ್ಕೆ ಹೊಂದಿಸುವುದೇ ಇದಕ್ಕೆ ಪರಿಹಾರ.

ಸಂಕಲನ ತಂತ್ರಾಂಶವನ್ನು ತೆರೆಯದೆ, ಬರೆದಿಟ್ಟ ಗುರುತುಗಳಿಂದ ನೇರವಾಗಿ ತುಣುಕನ್ನು ತೆಗೆಯಬೇಕಾದ ಸಂದರ್ಭವೂ ಬರುತ್ತದೆ. ಆಗ 07:19 ಎಂಬುದನ್ನು 7.19 ಸೆಕೆಂಡು ಎಂದು ಬರೆಯುವುದು ನಾನು ಮೊದಲೇ ಸೂಚಿಸಿದ ಎಡವು. ಹತ್ತೊಂಬತ್ತನ್ನು ಇಪ್ಪತ್ತೈದರಿಂದ ಭಾಗಿಸಿದರೆ 0.76; ಆದ್ದರಿಂದ ಅದು 7.76 ಸೆಕೆಂಡು. ಎಪ್ಪತ್ತೆಂಟು ಫ್ರೇಮುಗಳ ಅವಧಿ 3.12 ಸೆಕೆಂಡು.

```
ffmpeg -ss 00:12:07.760 -i ajji.mp4 -t 3.12 -c:v libx264 -crf 18 -c:a aac tunuku.mp4
```

ನನ್ನ ಕಡತದ ಟೈಮ್‌ಕೋಡ್ ಸೊನ್ನೆಯಿಂದ ಆರಂಭವಾಗಿದ್ದುದರಿಂದ ಈ ಸಂಖ್ಯೆಗಳು ಹಾಗೆಯೇ ಸಲ್ಲುತ್ತವೆ. ದಿನದ ಗಂಟೆಯನ್ನೇ ಟೈಮ್‌ಕೋಡಾಗಿ ಬರೆಯುವ ಕ್ಯಾಮೆರಾ ಆಗಿದ್ದರೆ, ಕಡತದ ಆರಂಭದ ಟೈಮ್‌ಕೋಡನ್ನು ಮೊದಲು ಕಳೆಯಬೇಕು. ವೇಗವಾಗಿ ಆಗುತ್ತದೆಂಬ ಆಸೆಯಿಂದ, ಮರುಸಂಕೇತನವಿಲ್ಲದೆ ನಕಲು ಮಾಡುವ -c copy ಎಂಬುದನ್ನು ಇಲ್ಲಿ ಬಳಸಿದರೆ, ಕತ್ತರಿಯು ಹಿಂದಿನ ಪೂರ್ಣ ಚಿತ್ರದ ಬಳಿಗೆ ಜಾರುತ್ತದೆ; ಎಕ್ಸ್264 ಸಂಕೇತಕವು ತಾನಾಗಿ ಬಿಡುವ ಗರಿಷ್ಠ ಅಂತರವೇ 250 ಫ್ರೇಮು, ಎಂದರೆ ಈ ವೇಗದಲ್ಲಿ ಹತ್ತು ಸೆಕೆಂಡು. ಮೂರು ಸೆಕೆಂಡಿನ ಮಾತಿಗಾಗಿ ಹತ್ತು ಸೆಕೆಂಡಿನ ಹಿಂದಿನ ಮಾತನ್ನೂ ಹೊತ್ತು ತರುವ ಕತ್ತರಿ ನಮ್ಮ ಕೆಲಸಕ್ಕೆ ಒದಗದು.

ಅಜ್ಜಿಯವರ ತುಣುಕನ್ನು ಟೈಮ್‌ಲೈನಿಗೆ ಇಳಿಸಿ, ಅದರ ನಂತರ ಅವರ ಮನೆಯ ಒಳಗೋಡೆಗೆ ಒರಗಿದ್ದ ಮಣ್ಣಿನ ವಾಡೆಯ ಚಿತ್ರವನ್ನಿಟ್ಟೆ. ನೋಡಿದರೆ, "ಕಣಪ್ಪ" ಮುಗಿದ ಮೂರೇ ಫ್ರೇಮಿಗೆ ವಾಡೆ ಬಂದು ನಿಲ್ಲುವುದು ತುಸು ಅವಸರವೆನಿಸಿತು. ಚಿತ್ರವನ್ನು ಹಿಗ್ಗಿಸಲು ಕಣ್ಣಿನ ಮಿಟುಕು ಬಿಡದು, ಧ್ವನಿಯನ್ನು ಹಿಗ್ಗಿಸಲು ನನ್ನ "ಹೂಂ" ಬಿಡದು. ಕಡೆಗೆ ಚಿತ್ರದ ಔಟನ್ನು 10:21ರಲ್ಲಿಯೇ ಇರಗೊಟ್ಟು, ಅದೇ ಜಗುಲಿಯ ಮೇಲೆ ಯಾರೂ ಮಾತನಾಡದಿದ್ದಾಗ ಹಿಡಿದ ಮೌನದಿಂದ, ದೂರದ ಕೋಳಿಯ ಕೂಗೂ ಗಾಳಿಯೂ ಇದ್ದ ಹದಿನೈದು ಫ್ರೇಮುಗಳನ್ನು ಇದೇ ರೀತಿಯ ಇನ್ ಔಟ್ ಗುರುತುಗಳಿಂದ ಬಿಡಿಸಿ, ವಾಡೆಯ ಚಿತ್ರದ ಕೆಳಗೆ ಧ್ವನಿಯಾಗಿ ಜೋಡಿಸಿದೆ.